ಕೋಡು ಹಾಕುವ ಮೊದಲು ಟಿವಿ ನೋಡ್ರಿ

ಉಮರ್ಗಾ ಇರಲಿ, ನಿಲಂಗಾ, ಉದಗೀರ ಇರಲಿ, ಸ್ಮಾರ್ಟ್ ಟಿವಿ ಇರುವ ಮನೆಯಲ್ಲಿ ಯೂಟ್ಯೂಬಿಗೆ ಸೈನ್ ಇನ್ ಮಾಡುವುದು ಈಗ ಹೆಚ್ಚಾಗಿ ಮಕ್ಕಳ ಕೆಲಸ. ಪರದೆ ಮೇಲೆ ಒಂದು ಸಣ್ಣ ಕೋಡು, ಅದರ ಪಕ್ಕ ಕ್ಯೂಆರ್ ಚೌಕ ಬರುತ್ತದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಒಪ್ಪಿಗೆ ಒತ್ತಿದರೆ ಮುಗೀತು. ರಿಮೋಟಿನಲ್ಲಿ ಪಾಸ್‌ವರ್ಡ್ ಒತ್ತುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ಒಂದು ಅಕ್ಷರಕ್ಕೆ ನಾಲ್ಕು ಸಲ ಬಾಣದ ಗುಂಡಿ ಒತ್ತಬೇಕಾದರೆ, 12 ಅಕ್ಷರದ ಪಾಸ್‌ವರ್ಡಿಗೆ 48 ಸಲ ಒತ್ತಬೇಕು. ಅದೂ ಮನೆಮಂದಿ ಎಲ್ಲಾ ನೋಡುತ್ತಾ ಕೂತಿರುವಾಗ!

ಇದು ನಡೆಯುವುದು ಹೇಗೆ? ಟಿವಿ ಮೊದಲು ಕಂಪನಿಯ ಸರ್ವರಿಗೆ "ನನಗೊಂದು ಕೋಡು ಕೊಡು" ಎನ್ನುತ್ತದೆ. ಸರ್ವರು ಎರಡು ಕೋಡು ಕೊಡುತ್ತದೆ. ಉದ್ದದ್ದನ್ನು ಟಿವಿ ತನ್ನೊಳಗೇ ಇಟ್ಟುಕೊಳ್ಳುತ್ತದೆ, ಚಿಕ್ಕದನ್ನು ನಮಗೆ ತೋರಿಸುತ್ತದೆ. ಆಮೇಲೆ ಕೆಲವು ಸೆಕೆಂಡಿಗೊಮ್ಮೆ "ಒಪ್ಪಿದರಾ?" ಎಂದು ಸರ್ವರನ್ನು ಕೇಳುತ್ತಲೇ ಇರುತ್ತದೆ. ನಾವು ಮೊಬೈಲಿನಲ್ಲಿ ಒಪ್ಪಿದ ಕೂಡಲೇ ಟಿವಿಗೆ ಪ್ರವೇಶ ಸಿಗುತ್ತದೆ. ನಮ್ಮ ಪಾಸ್‌ವರ್ಡ್ ಟಿವಿಗೆ ಗೊತ್ತಾಗುವುದೇ ಇಲ್ಲ. ಕ್ಯೂಆರ್ ಚೌಕದಲ್ಲೂ ಪಾಸ್‌ವರ್ಡ್ ಇರುವುದಿಲ್ಲ, ಒಂದು ವೆಬ್ ವಿಳಾಸ ಮತ್ತು ಅದೇ ಕೋಡು ಇರುತ್ತದೆ.

ಈ ಕ್ರಮಕ್ಕೆ 2019ರಲ್ಲಿ ಬಂದ ಆರ್‌ಎಫ್‌ಸಿ 8628 ಎಂಬ ಮಾನಕ ಇದೆ. ಅದರಲ್ಲಿ ಕೊಟ್ಟ ಉದಾಹರಣೆ `WDJB-MJHT`. ಸ್ವರಗಳನ್ನು ಬಿಟ್ಟು 20 ಇಂಗ್ಲಿಷ್ ವ್ಯಂಜನಗಳಿಂದಲೇ ಇಂಥ ಕೋಡು ಕಟ್ಟುತ್ತಾರೆ. ಸ್ವರ ಇಲ್ಲದಿದ್ದರೆ ಆಕಸ್ಮಿಕವಾಗಿ ಕೆಟ್ಟ ಶಬ್ದ ಮೂಡುವುದಿಲ್ಲ. ಎಂಟು ಜಾಗಕ್ಕೆ 20 ಅಕ್ಷರ ಎಂದರೆ 20⁸, ಅಂದರೆ 2,560 ಕೋಟಿ ಕೋಡುಗಳು. ಸಾಲದ್ದಕ್ಕೆ ಕೋಡಿನ ಆಯುಷ್ಯವೂ ಕಡಿಮೆ. ಊಹೆ ಮಾಡಿ ಹಿಡಿಯುವುದು ಕಷ್ಟ.

ಹಾಗಾದರೆ ಮೋಸ ಎಲ್ಲಿಂದ? ಕಳ್ಳ ಊಹಿಸುವುದೇ ಇಲ್ಲ. ತನ್ನ ಟಿವಿಯಲ್ಲೋ ಕಂಪ್ಯೂಟರಿನಲ್ಲೋ ತಾನೇ ಕೋಡು ತರಿಸಿಕೊಂಡು ನಿಮಗೆ ಕಳಿಸುತ್ತಾನೆ: "ಉಚಿತ ರೀಚಾರ್ಜ್ ಬೇಕಾದರೆ ಈ ಕೋಡು ಹಾಕಿ." ನೀವು ತೆರೆಯುವುದು ಕಂಪನಿಯ ಅಸಲಿ ಪುಟವೇ, ಅದಕ್ಕೇ ಸಂಶಯ ಬರುವುದಿಲ್ಲ. ಒಪ್ಪಿಗೆ ಒತ್ತಿದಿರೋ, ಅವನ ಯಂತ್ರ ನಿಮ್ಮ ಖಾತೆಯೊಳಗೆ ಕೂತುಬಿಡುತ್ತದೆ. ಓಟಿಪಿಯನ್ನು ಯಾರಿಗೂ ಹೇಳಬಾರದು ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಉಲ್ಟಾ: ಬೇರೆಯವರು ಹೇಳಿದ ಕೋಡನ್ನು ನಾವು ಹಾಕಬಾರದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಕೋಡು ಬಳಸ್ರಿ, ಆದರೆ ಅದು ನಿಮ್ಮ ಕಣ್ಣೆದುರಿನ ಟಿವಿಯಲ್ಲಿ, ನೀವೇ ಗುಂಡಿ ಒತ್ತಿದ ಮೇಲೆ ಬಂದದ್ದಾಗಿರಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಮೊಬೈಲ್ ಕೋಡು ತೋರಿಸಿದರೆ, ಟಿವಿಯ ಕೋಡಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡ್ರಿ. ಮೊದಲೇ ಒಪ್ಪಿಬಿಟ್ಟಿದ್ದರೆ, ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ ಸಾಧನಗಳ ಪಟ್ಟಿ ಇದೆ. ಗುರುತಿಲ್ಲದ ಟಿವಿಯೋ ಕಂಪ್ಯೂಟರೋ ಅಲ್ಲಿ ಕಂಡರೆ ತಕ್ಷಣ ಸೈನ್ ಔಟ್ ಮಾಡ್ರಿ. ಶಾಲೆಯ ಟಿವಿಯಲ್ಲಿ ಪಾಠದ ವಿಡಿಯೋ ಮುಗಿದ ಮೇಲೂ ಅಷ್ಟೇ. ಟಿವಿ ಆಫ್ ಮಾಡಿದರೆ ಖಾತೆ ಹೊರಬರುವುದಿಲ್ಲ, ಸೈನ್ ಔಟ್ ಮಾಡಿದರೆ ಮಾತ್ರ ಹೊರಬರುತ್ತದೆ.