ಹಸುವನ್ನು ಕೇಳದೆ ತಿರುಗಿಸಿದ ಗಡಿಯಾರ

ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿ ಕುಳಿತು ಅಮೆರಿಕದ ಕಚೇರಿಗಳ ಜೊತೆ ಕೆಲಸ ಮಾಡುವವರಿಗೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಚೆನ್ನಾಗಿ ಗೊತ್ತು. ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದಿದ್ದ ನ್ಯೂಯಾರ್ಕ್ ಅಂದಿನಿಂದ ಒಂಬತ್ತೂವರೆ ಗಂಟೆಯಷ್ಟೇ ಹಿಂದಿರುತ್ತದೆ. ಸಂಜೆಯ ಮೀಟಿಂಗ್ ಒಂದು ಗಂಟೆ ಮೊದಲೇ ಶುರುವಾಗುತ್ತದೆ. ನವೆಂಬರ್‌ನ ಮೊದಲ ಭಾನುವಾರ ಎಲ್ಲವೂ ಮತ್ತೆ ಹಳೆಯ ಲೆಕ್ಕಕ್ಕೆ ಬರುತ್ತದೆ. ಫೋನಿನ ಕ್ಯಾಲೆಂಡರ್ ಇದನ್ನು ತಾನೇ ಸರಿಮಾಡಿಕೊಳ್ಳುವುದರಿಂದ ಇದೊಂದು ಸಣ್ಣ ಕಿರಿಕಿರಿಯಷ್ಟೇ. ಆದರೆ ಅದೇ ದಿನ ವಿಸ್ಕಾನ್ಸಿನ್‌ನ ಕೊಟ್ಟಿಗೆಗಳಲ್ಲಿ ಈ ಒಂದು ಗಂಟೆಯನ್ನು ಕೈಯಾರೆ ಸರಿಮಾಡಬೇಕು. ಅದಕ್ಕೆ ಹಲವು ದಿನ ಹಿಡಿಯುತ್ತದೆ.

ಗಡಿಯಾರ ತಿರುಗಿಸುವ ಈ ಪದ್ಧತಿ ರೈತರಿಗಾಗಿಯೇ ಬಂದದ್ದು ಎಂಬ ಮಾತು ಅಮೆರಿಕದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನಡೆದದ್ದು ಇದಕ್ಕೆ ತದ್ವಿರುದ್ಧ. 1916ರಲ್ಲಿ ಜರ್ಮನಿ ಯುದ್ಧಕಾಲದ ಇಂಧನ ಉಳಿಸಲು ಇದನ್ನು ತಂದಿತು. 1918ರಲ್ಲಿ ಅಮೆರಿಕವೂ ಅದೇ ದಾರಿ ಹಿಡಿಯಿತು. ಅದನ್ನು ಜೋರಾಗಿ ವಿರೋಧಿಸಿದವರೇ ರೈತರು. ಇಬ್ಬನಿ ಆರದೆ ಹುಲ್ಲು ಕೊಯ್ದು ಒಟ್ಟುವಂತಿಲ್ಲ, ಇಬ್ಬನಿ ಆರುವುದು ಬಿಸಿಲಿಗೆ. ಆದರೆ ಕೂಲಿಯಾಳು ಬರುವುದೂ ಹೋಗುವುದೂ ಗಡಿಯಾರ ನೋಡಿ. ಹಾಲು ಒಯ್ಯುವ ರೈಲು ಹೊರಡುವುದೂ ಗಡಿಯಾರದ ಪ್ರಕಾರವೇ. 1919ರಲ್ಲಿ ಅಧ್ಯಕ್ಷ ವಿಲ್ಸನ್ ಅವರ ವೀಟೋವನ್ನೂ ಮೀರಿ ಕಾಂಗ್ರೆಸ್ ಆ ಕಾನೂನನ್ನು ರದ್ದುಮಾಡಿತು. ಮುಂದೆ ಅದು ಮರಳಿ ಬಂದದ್ದು ಬೇರೆ ಕಥೆ.

ಹಾಗಾದರೆ ಹಸುವಿಗೆ ಆಗುವ ತೊಂದರೆಯಾದರೂ ಏನು? ಹಸುವಿನ ಗಡಿಯಾರ ಅದರ ಕೆಚ್ಚಲಿನಲ್ಲೇ ಇದೆ ಎನ್ನಬಹುದು. ದಿನಕ್ಕೆ 35 ಲೀಟರ್ ಕೊಡುವ ಹಸುವಿನ ಕೆಚ್ಚಲಿನಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ಹಾಲು ಕೂಡುತ್ತಾ ಹೋಗುತ್ತದೆ. ಅದಕ್ಕೆ ರಾತ್ರಿಯೂ ಇಲ್ಲ, ಭಾನುವಾರವೂ ಇಲ್ಲ. ನವೆಂಬರ್‌ನಲ್ಲಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿದಾಗ ಹೊಸ ಐದು ಗಂಟೆ ಎಂದರೆ ಹಳೆಯ ಆರು ಗಂಟೆ. ಹಸು ಒಂದು ಗಂಟೆ ಹೆಚ್ಚು ಕಾಯಬೇಕು, ಕೆಚ್ಚಲು ಆ ಒಂದೂವರೆ ಲೀಟರನ್ನು ಹೆಚ್ಚಿಗೆ ಹೊರಬೇಕು. ಒತ್ತಡ ಏರಿದಂತೆ ಹಾಲಿನ ಉತ್ಪತ್ತಿ ತಾನೇ ನಿಧಾನವಾಗುತ್ತದೆ. ಕೆಲವು ಹಸುಗಳ ಮೊಲೆತೊಟ್ಟಿನಿಂದ ಹಾಲು ಮಲಗಿದಲ್ಲೇ ತೊಟ್ಟಿಕ್ಕುತ್ತದೆ. ಹಾಲು ಸೋರುವ ತೊಟ್ಟು ಎಂದರೆ ಬಾಗಿಲು ತೆರೆದಂತೆ. ನೆಲದ ಸೋಂಕು ಒಳಗೆ ಹೊಕ್ಕು ಕೆಚ್ಚಲುಬಾವು ಬರುವ ಅಪಾಯ ಹೆಚ್ಚುತ್ತದೆ.

ಮಾರ್ಚ್‌ನಲ್ಲಿ ಇದರ ಉಲ್ಟಾ. ಹೊಸ ಐದು ಗಂಟೆ ಎಂದರೆ ಹಳೆಯ ನಾಲ್ಕು. ಕೆಚ್ಚಲು ಇನ್ನೂ ತುಂಬಿಲ್ಲ, ಹಸು ಮಲಗಿ ಮೆಲುಕು ಹಾಕುತ್ತಿದೆ. ಹಾಲು ಇಳಿಯಲು ಅದು ಸೊರೆ ಬಿಡಬೇಕು, ಅಂದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಬೇಕು. ಕೆಚ್ಚಲು ತೊಳೆಯುವ ಕೈ, ಯಂತ್ರದ ಸದ್ದು, ಹಿಂಡಿಯ ವಾಸನೆ, ಇವೆಲ್ಲ ದಿನವೂ ಒಂದೇ ಕ್ರಮದಲ್ಲಿ ಬಂದರೆ ಹಾರ್ಮೋನು ಸಲೀಸಾಗಿ ಬರುತ್ತದೆ. ಬೆದರಿದರೆ, ಗಾಬರಿಯಾದರೆ ನಿಂತುಬಿಡುತ್ತದೆ. ನಿದ್ದೆಯಿಂದೆಬ್ಬಿಸಿ ಅವಸರದಲ್ಲಿ ಯಂತ್ರ ಹಾಕಿದಾಗ ಮೊದಲು ಒಂದಿಷ್ಟು ಹಾಲು ಬಂದು, ನಡುವೆ ನಿಂತು, ಮತ್ತೆ ಶುರುವಾಗುವುದುಂಟು. ಸೊರೆ ಸರಿಯಾಗಿ ಬಿಟ್ಟಿಲ್ಲ ಎನ್ನಲು ಅದೇ ಗುರುತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಹಸು ಬರೀ ಸೂರ್ಯನನ್ನು ನೋಡಿ ಬದುಕುತ್ತದೆ ಎನ್ನುವುದು ಅರ್ಧ ಸತ್ಯ. ಬೆಳಕು ಅದರ ಒಳಗಿನ ಲಯವನ್ನು ನಡೆಸುವುದು ನಿಜ. ಆದರೆ ಮೇವು ಬೀಳುವ ಹೊತ್ತು, ಗೇಟಿನ ಸದ್ದು, ಮನುಷ್ಯರು ಬರುವ ಹೊತ್ತು ಕೂಡ ಆ ಲಯವನ್ನು ಕಟ್ಟುತ್ತವೆ. ಆದ್ದರಿಂದಲೇ ಹಸುವನ್ನು ಹೊಸ ಹೊತ್ತಿಗೆ ಒಗ್ಗಿಸಲು ಸಾಧ್ಯ. ಒಂದೇ ರಾತ್ರಿಯಲ್ಲಿ ಮಾತ್ರ ಸಾಧ್ಯವಿಲ್ಲ.

ಬೆಳಿಗ್ಗೆ ಐದಕ್ಕೂ ಸಂಜೆ ಐದಕ್ಕೂ ಕರೆಯುವ ಒಂದು ಕೊಟ್ಟಿಗೆಯನ್ನು ಊಹಿಸಿಕೊಳ್ಳಿ. ಮಾರ್ಚ್‌ನ ಆ ವಾರದಲ್ಲಿ ಗುರುವಾರ 4:45ಕ್ಕೆ, ಶುಕ್ರವಾರ 4:30ಕ್ಕೆ, ಶನಿವಾರ 4:15ಕ್ಕೆ ಕರೆಯುತ್ತಾರೆ. ಸಂಜೆಯದೂ ಅದೇ ಹೊತ್ತು. ಭಾನುವಾರ ಹಳೆಯ ನಾಲ್ಕೇ ಹೊಸ ಐದಾಗಿರುತ್ತದೆ. ರಾತ್ರಿಯ ಅಂತರ ಹನ್ನೆರಡು ಗಂಟೆಯಿಂದ ದಿನಾ ಕಾಲು ಗಂಟೆಯಷ್ಟೇ ಕಡಿಮೆಯಾದದ್ದರಿಂದ ಹಸುವಿಗೆ ಅದು ಗೊತ್ತೇ ಆಗುವುದಿಲ್ಲ. ನವೆಂಬರ್‌ನಲ್ಲಿ ಇದೇ ಲೆಕ್ಕ ಹಿಂದುಮುಂದು: 5:15, 5:30, 5:45, ಆಮೇಲೆ ಹೊಸ ಐದು. ಮೇವು, ದೀಪ, ಕರುಗಳಿಗೆ ಹಾಲು ಕುಡಿಸುವುದು, ಎಲ್ಲವೂ ಜೊತೆಜೊತೆಗೇ ಜರುಗಬೇಕು. ಕರೆಯುವ ಹೊತ್ತನ್ನು ಬದಲಿಸಿ ಮೇವಿನ ಹೊತ್ತನ್ನು ಹಾಗೇ ಬಿಟ್ಟರೆ ಅರ್ಧ ಕೆಲಸವಾದಂತೆ.

ಗಡಿಯಾರವನ್ನೇ ಕಡೆಗಣಿಸಿ, ಕೊಟ್ಟಿಗೆಯನ್ನು ವರ್ಷವಿಡೀ ಒಂದೇ ಹೊತ್ತಿನಲ್ಲಿ ನಡೆಸುವವರೂ ಇದ್ದಾರೆ. ಬೇಸಿಗೆಯಲ್ಲಿ ಅವರ ಐದು ಗಂಟೆ ಊರಿನ ಆರು ಗಂಟೆ. ಆದರೆ ಎಲ್ಲರಿಗೂ ಆ ಸ್ವಾತಂತ್ರ್ಯ ಇಲ್ಲ. ಹಾಲಿನ ಟ್ಯಾಂಕರ್ ಬರುವುದು ಊರಿನ ಗಡಿಯಾರಕ್ಕೆ. ಅದು ಬರುವ ಹೊತ್ತಿಗೆ ಕರೆದು ಮುಗಿದು, ಹಾಲು ತಣ್ಣಗಾಗಿರಬೇಕು. ಮಕ್ಕಳ ಶಾಲಾ ಬಸ್ಸು, ಪಶುವೈದ್ಯರು, ಸಂಬಳದ ಆಳುಗಳ ಪಾಳಿ, ಎಲ್ಲವೂ ಅದೇ ಗಡಿಯಾರದಲ್ಲಿವೆ. ಹಸುವಿನ ಹೊತ್ತಿಗೂ ಊರಿನ ಹೊತ್ತಿಗೂ ನಡುವೆ ನಿಂತು ಹೊಂದಿಸುವವನು ರೈತ. ಯಂತ್ರಮಾನವ ಹಾಲು ಕರೆಯುವ ಕೊಟ್ಟಿಗೆಗಳಲ್ಲಿ ಮಾತ್ರ ಈ ತಲೆಬಿಸಿ ಕಡಿಮೆ. ಅಲ್ಲಿ ಹಸು ತನಗೆ ಬೇಕಾದಾಗ ಬಂದು ನಿಲ್ಲುತ್ತದೆ. ಹಿಂದಿನ ಸಲ ಕರೆದು ಎಷ್ಟು ಹೊತ್ತಾಯಿತು ಎಂಬುದನ್ನಷ್ಟೇ ಯಂತ್ರ ನೋಡುತ್ತದೆ.

ಒಂದು ಗಂಟೆಯಿಂದ ಯಾವ ಡೇರಿಯೂ ಮುಳುಗುವುದಿಲ್ಲ ಎಂದು ಪದ್ಧತಿಯ ಪರವಾಗಿರುವವರು ಹೇಳಬಹುದು. ಆ ಮಾತು ಸರಿಯೇ. ಆರೋಗ್ಯವಾಗಿರುವ ಹಸು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಆದರೆ ಪ್ರಶ್ನೆ ಇರುವುದು ಆ ಹೊಂದಾಣಿಕೆಯ ಬೆಲೆ ತೆರುವವರು ಯಾರು ಎಂಬುದರಲ್ಲಿ. ಸಂಜೆಯ ಬೆಳಕು ಸಿಗುವುದು ಕಚೇರಿ ಬಿಟ್ಟು ಬರುವವರಿಗೆ. ವರ್ಷಕ್ಕೆ ಎರಡು ಸಲ ನಿದ್ದೆಗೆಟ್ಟು ಕಾಲು ಗಂಟೆಗಳನ್ನು ಎಣಿಸುವವರು ಕೊಟ್ಟಿಗೆಯವರು. ಸಂಜೆ ಬೆಳಕು ಬೇಕೆಂದರೆ ಕಚೇರಿಯೇ ಒಂದು ಗಂಟೆ ಮೊದಲು ತೆರೆಯಬಹುದು. ಇಡೀ ದೇಶದ ಮುಳ್ಳನ್ನು ಏಕೆ ತಿರುಗಿಸಬೇಕು?

ಯುರೋಪಿಯನ್ ಒಕ್ಕೂಟ 2018ರಲ್ಲಿ ಜನಾಭಿಪ್ರಾಯ ಕೇಳಿದಾಗ ಸುಮಾರು 46 ಲಕ್ಷ ಉತ್ತರಗಳು ಬಂದವು. ಅವರಲ್ಲಿ 84 ಶೇಕಡಾ ಮಂದಿ ಈ ಬದಲಾವಣೆ ನಿಲ್ಲಲಿ ಎಂದರು. 2019ರಲ್ಲಿ ಅಲ್ಲಿನ ಸಂಸತ್ತೂ ಒಪ್ಪಿತು. ಆಮೇಲೆ ಸದಸ್ಯ ದೇಶಗಳು ಒಮ್ಮತಕ್ಕೆ ಬಾರದೆ ವಿಷಯ ಅಲ್ಲೇ ನಿಂತಿತು. ಖಾಯಂ ಆಗಿ ಉಳಿಯಬೇಕಾದದ್ದು ಬೇಸಿಗೆಯ ಸಮಯವೋ ಚಳಿಗಾಲದ ಸಮಯವೋ ಎಂಬ ಚರ್ಚೆ ಮುಂದುವರಿದೇ ಇದೆ. ಹಸುವಿನ ದೃಷ್ಟಿಯಲ್ಲಿ ಎರಡೂ ಒಂದೇ. ಯಾವುದಾದರೊಂದು ಉಳಿದು, ಬದಲಾಗದಿದ್ದರೆ ಸಾಕು.

ಭಾರತವೂ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತ್ತು. ಯುದ್ಧ ಮುಗಿದ ಮೇಲೆ ಅದನ್ನು ಕೈಬಿಟ್ಟಿತು. ಮಂಡ್ಯದಲ್ಲಾಗಲಿ ಕೋಲಾರದಲ್ಲಾಗಲಿ ಹಾಲಿನ ಡೇರಿಗೆ ಕ್ಯಾನು ಹೊತ್ತು ಹೋಗುವವರು ಮೇವಿನ ಬೆಲೆ, ಹಾಲಿನ ದರ ಎಂದು ಹತ್ತು ಚಿಂತೆ ಹೊತ್ತಿರುತ್ತಾರೆ. ಗಡಿಯಾರದ ಚಿಂತೆ ಮಾತ್ರ ಅವರಿಗಿಲ್ಲ. ಇಲ್ಲಿಯೂ ಡೇಲೈಟ್ ಸೇವಿಂಗ್ ಬರಲಿ ಎಂದು ಯಾರಾದರೂ ಸಲಹೆ ಕೊಟ್ಟಾಗ, ಅದರಿಂದ ಉಳಿಯುವ ವಿದ್ಯುತ್ತಿನ ಲೆಕ್ಕದ ಜೊತೆಗೆ ಕೊಟ್ಟಿಗೆಯ ಆ ನಾಲ್ಕು ದಿನಗಳನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.