ಐಹೊಳೆಗೆ ಹತ್ತಕ್ಕೆ ಮೂರು ಅಂಕ

ಕಳೆದ ತಿಂಗಳು ಮಗಳು ಶಾಲೆಯಿಂದ ಒಂದು ವರ್ಕ್‌ಶೀಟ್ ತಂದಿದ್ದಳು. ಐಹೊಳೆ ಶಾಸನದ ನಾಲ್ಕು ಸಾಲು ಮತ್ತು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದರ ನಾಲ್ಕು ಸಾಲು, ಎರಡೂ ಇಂಗ್ಲಿಷ್ ಅನುವಾದದಲ್ಲಿ. ಕೆಳಗೆ ಪ್ರಶ್ನೆಗಳು: ಬರೆದವರು ಯಾರು, ಯಾವಾಗ, ಯಾರಿಗಾಗಿ, ಯಾವುದನ್ನು ಹೇಳದೆ ಬಿಟ್ಟಿದ್ದಾರೆ, ಪಕ್ಷಪಾತ ಇದೆಯೇ. ಕೊನೆಯಲ್ಲಿ ಒಂದು ಚೌಕ: ಈ ಆಕರವನ್ನು ಎಷ್ಟು ನಂಬಬಹುದು, ಹತ್ತಕ್ಕೆ ಅಂಕ ಕೊಡಿ.

ಅವಳು ಐಹೊಳೆಗೆ ಮೂರು ಕೊಟ್ಟಿದ್ದಳು, ಚೀನೀ ಯಾತ್ರಿಕನಿಗೆ ಎಂಟು. ಕಾರಣವನ್ನೂ ಬರೆದಿದ್ದಳು. ಶಾಸನ ಬರೆದ ರವಿಕೀರ್ತಿ ರಾಜನ ಆಶ್ರಯದಲ್ಲಿದ್ದವನು, ಹೊಗಳುವುದೇ ಅವನ ಕೆಲಸ. ಯಾತ್ರಿಕ ಹೊರಗಿನವನು, ಆದ್ದರಿಂದ ತಟಸ್ಥ.

ನನಗೆ ಸಿಟ್ಟು ಬಂತು. ಪೂರ್ತಿ ಶುದ್ಧವಾದ ಸಿಟ್ಟಲ್ಲ ಅದು. ಚೆನ್ನೈನಲ್ಲಿ ಬೆಳೆದ ಮಗುವಿಗೆ ಪುಲಿಕೇಶಿ ಅಂದರೆ ಮೊದಲು ನೆನಪಾಗುವುದು ವಡಿವೇಲು ಅವರ ಸಿನಿಮಾ. ನನಗೆ ನೆನಪಾಗುವುದು ರಾಜಕುಮಾರ್. ನಮ್ಮ ಇಮ್ಮಡಿ ಪುಲಿಕೇಶಿಗೆ ಹತ್ತಕ್ಕೆ ಮೂರೇ ಎಂಬ ನೋವೂ ಆ ಸಿಟ್ಟಿನಲ್ಲಿತ್ತು. ಆದರೆ ನೋವನ್ನು ಪಕ್ಕಕ್ಕಿಟ್ಟು ನೋಡಿದರೂ ಆ ಚೌಕ ತಪ್ಪು ಅಂತಲೇ ಅನಿಸುತ್ತದೆ. ಪ್ರಶ್ನೆಗಳು ಒಳ್ಳೆಯವೇ. ಉತ್ತರಗಳನ್ನೆಲ್ಲ ಕೂಡಿಸಿ ಒಂದು ಅಂಕಕ್ಕೆ ಇಳಿಸುವಲ್ಲಿ ಎಲ್ಲವೂ ಕೆಡುತ್ತದೆ.

ಮೊದಲು ತಟಸ್ಥ ಎಂಬ ಮಾತನ್ನೇ ನೋಡೋಣ. ಹ್ಯೂಯೆನ್ ತ್ಸಾಂಗ್ ಹೊರಗಿನವನು ನಿಜ, ಆದರೆ ಹರ್ಷವರ್ಧನನ ಗೌರವದ ಅತಿಥಿ. ಬೌದ್ಧ ಭಿಕ್ಷುವಾದ ಅವನನ್ನು ಕನೌಜಿನ ಮಹಾಸಭೆಯಲ್ಲಿ ಸನ್ಮಾನಿಸಿದವನು ಹರ್ಷನೇ. ಅಂದರೆ ಅವನಿಗೂ ಒಂದು ಪಕ್ಷವಿತ್ತು, ಅದು ಪುಲಿಕೇಶಿಯ ಎದುರು ಪಕ್ಷ. ಅಂಥವನು ಬರೆಯುತ್ತಾನೆ: ಹರ್ಷ ಪೂರ್ವದಿಂದ ಪಶ್ಚಿಮದವರೆಗೆ ಗೆದ್ದ, ಆದರೆ ಮಹಾರಾಷ್ಟ್ರದ ಈ ಜನ ಮಾತ್ರ ತಲೆಬಾಗಲಿಲ್ಲ, ತಾನೇ ಸೈನ್ಯ ಕಟ್ಟಿಕೊಂಡು ಹೋದರೂ ಅವರನ್ನು ಮಣಿಸಲಾಗಲಿಲ್ಲ. ಅಲ್ಲಿನ ರಾಜನೆಂದು ಅವನು ಹೆಸರಿಸುವುದು ನಮ್ಮ ಪುಲಿಕೇಶಿಯನ್ನೇ. ಈ ಮಾತಿಗೆ ಬೆಲೆ ಬರುವುದು ಅವನು ತಟಸ್ಥ ಎಂಬುದರಿಂದಲ್ಲ. ತನಗೆ ಉಪಕಾರ ಮಾಡಿದವನ ಸೋಲನ್ನು ಬರೆದಿಡಲು ಅವನಿಗೆ ಯಾವ ಲಾಭವೂ ಇರಲಿಲ್ಲ. ಅವನ ಪಕ್ಷಪಾತವೇ ಇಲ್ಲಿ ನಮ್ಮ ಸಾಕ್ಷಿ.

ಈಗ ಐಹೊಳೆಗೆ ಬನ್ನಿ. ಯುದ್ಧದಲ್ಲಿ ಆನೆಗಳು ಬಿದ್ದಾಗ ಹರ್ಷನಿಗೆ ಹರ್ಷವೇ ಉಳಿಯಲಿಲ್ಲ ಎಂದು ರವಿಕೀರ್ತಿ ಶ್ಲೇಷೆ ಮಾಡುತ್ತಾನೆ. ಹರ್ಷ ಹೆದರಿದನೇ? ಗೊತ್ತಾಗುವುದಿಲ್ಲ, ಅದು ಕವಿಯ ಮಾತು. ಎಷ್ಟು ಆನೆ ಸತ್ತವು ಎಂಬುದಕ್ಕೂ ಎರಡನೆಯ ಸಾಕ್ಷಿಯಿಲ್ಲ. ಆದರೆ ಹರ್ಷನ ದಂಡಯಾತ್ರೆ ದಕ್ಷಿಣದಲ್ಲಿ ಫಲಿಸಲಿಲ್ಲ ಎಂಬಷ್ಟನ್ನು ಎದುರು ಬದುರು ಪಕ್ಷದ ಇಬ್ಬರೂ ಹೇಳುತ್ತಾರೆ. ಅಷ್ಟು ಗಟ್ಟಿ, ಉಳಿದದ್ದು ಅಲಂಕಾರ. ಒಂದೇ ಶ್ಲೋಕದ ಒಂದು ತುಂಡಿಗೆ ಒಂಬತ್ತು, ಇನ್ನೊಂದಕ್ಕೆ ಎರಡು. ಚೌಕದಲ್ಲಿ ಯಾವುದನ್ನು ಬರೆಯುವುದು?

ಇನ್ನೂ ಚೆನ್ನಾದ ಉದಾಹರಣೆ ಅದೇ ಶಾಸನದ ಕೊನೆಯಲ್ಲಿದೆ. ಅಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಳ್ಳುತ್ತಾನೆ. ಅವನ ಕಾವ್ಯ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಇದು ಕೆಲಸಕ್ಕೆ ಬಾರದ ಸಾಕ್ಷಿ, ತನಗೆ ತಾನೇ ಕೊಟ್ಟುಕೊಂಡ ಬಿರುದು. ಕಾಳಿದಾಸ ಯಾವಾಗ ಇದ್ದ ಎಂಬ ಪ್ರಶ್ನೆಗಾದರೆ ವಿದ್ವಾಂಸರು ಮತ್ತೆ ಮತ್ತೆ ಬರುವುದು ಈ ಬಡಾಯಿಯ ಹತ್ತಿರವೇ. ಶಾಸನದಲ್ಲಿ ಶಕವರ್ಷ 556 ಎಂದಿದೆ, ಅಂದರೆ ಕ್ರಿ.ಶ. 634. ಹೋಲಿಸಿಕೊಂಡು ಮೆರೆಯಬೇಕಾದರೆ ಆ ಹೊತ್ತಿಗೆ ಕಾಳಿದಾಸನ ಹೆಸರು ದಕ್ಷಿಣದವರೆಗೆ ಹಬ್ಬಿರಲೇಬೇಕು. ಆಕರ ನಂಬಲರ್ಹವೇ ಎಂಬ ಪ್ರಶ್ನೆ ಅರ್ಧವಷ್ಟೇ. ಯಾವ ವಿಷಯಕ್ಕೆ ಎಂಬುದು ಉಳಿದರ್ಧ.

ಯಾವುದನ್ನು ಹೇಳದೆ ಬಿಟ್ಟಿದ್ದಾರೆ ಎಂಬ ಕಾಲಮಿನಲ್ಲಿ ಮಗಳು ಬರೆದದ್ದು: ಪಲ್ಲವರು ಬಾದಾಮಿಯನ್ನು ಗೆದ್ದದ್ದನ್ನು ಮುಚ್ಚಿಟ್ಟಿದ್ದಾರೆ. ಮಕ್ಕಳು ಹೆಚ್ಚು ಎಡವುವುದು ಇಲ್ಲೇ. ಮೇಗುತಿ ಗುಡ್ಡದ ಜಿನಾಲಯದ ಗೋಡೆಯ ಮೇಲೆ ಆ ಶಾಸನ ಕೆತ್ತಿದ್ದು 634ರಲ್ಲಿ, ಬಾದಾಮಿ ಪಲ್ಲವರ ಕೈಗೆ ಬಿದ್ದದ್ದು 642ರ ಸುಮಾರಿಗೆ. ಆಗದೇ ಇರುವುದನ್ನು ಮುಚ್ಚಿಡುವುದು ಹೇಗೆ? ತಾರೀಖಿನ ಕಾಲಮನ್ನು ಅವಳು ಸರಿಯಾಗಿಯೇ ತುಂಬಿದ್ದಳು. ಆದರೆ ಒಂದು ಕಾಲಮಿನ ಉತ್ತರವನ್ನು ಇನ್ನೊಂದರ ಪಕ್ಕ ಇಟ್ಟು ನೋಡು ಎಂದು ವರ್ಕ್‌ಶೀಟ್ ಎಲ್ಲಿಯೂ ಹೇಳುವುದಿಲ್ಲ.

ಶಾಸನದ ನಿಜವಾದ ಮೌನ ಬೇರೆ ಇದೆ. ಪಲ್ಲವ ದೊರೆ ಪುಲಿಕೇಶಿಯ ಸೈನ್ಯದ ಧೂಳಿಗೆ ಕಂಚಿಯ ಕೋಟೆಯೊಳಗೆ ಅಡಗಿದ ಎನ್ನುತ್ತಾನೆ ರವಿಕೀರ್ತಿ. ಕಂಚಿಯನ್ನು ಗೆದ್ದೆವು ಎನ್ನುವುದಿಲ್ಲ. ಗೆದ್ದಿದ್ದರೆ ಈ ಕವಿ ಬಿಡುತ್ತಿದ್ದನೇ? ಹೊಗಳಿಕೆಯ ಪದ್ಯದಲ್ಲಿ ಹೊಗಳದೆ ಬಿಟ್ಟ ಜಾಗ ಒಂದು ರೀತಿಯಲ್ಲಿ ಒಪ್ಪಿಗೆ.

ಇಲ್ಲಿಗೆ ನಾನು ಮಗಳ ಮುಂದೆ ಗೆದ್ದೆ ಅಂದುಕೊಂಡಿದ್ದೆ. ಅವಳು ಕೇಳಿದಳು: "ಅಪ್ಪಾ, ಹಾಗಾದರೆ ಪಲ್ಲವರ ಶಾಸನವನ್ನೂ ಹೀಗೇ ಓದುತ್ತೀಯಾ?"

ಮೊದಲನೇ ಪರಮೇಶ್ವರವರ್ಮನ ಕೂರಂ ತಾಮ್ರಪಟದಲ್ಲಿ ಅವನ ಅಜ್ಜ ನರಸಿಂಹವರ್ಮನ ವರ್ಣನೆಯಿದೆ. ಓಡುತ್ತಿದ್ದ ಪುಲಿಕೇಶಿಯ ಬೆನ್ನನ್ನೇ ಹಲಗೆ ಮಾಡಿಕೊಂಡು ಅದರ ಮೇಲೆ ವಿಜಯ ಎಂಬ ಅಕ್ಷರ ಬರೆದನಂತೆ. ಓದಿದ ಮೊದಲ ಸಲ ನಾನು ಮೂರಲ್ಲ, ಸೊನ್ನೆ ಕೊಟ್ಟಿದ್ದೆ. ಮೊಮ್ಮಗ ಬರೆಸಿದ್ದು, ಹೊಗಳಿಕೆ, ಅಷ್ಟೇ ಎಂದು ತಳ್ಳಿಹಾಕಿದ್ದೆ. ಮಗಳು ರವಿಕೀರ್ತಿಗೆ ಕೊಟ್ಟ ಕಾರಣವೇ ಅದು, ಒಂದಕ್ಷರವೂ ವ್ಯತ್ಯಾಸವಿಲ್ಲ.

ಅದೇ ಅಳತೆಗೋಲು ಹಿಡಿದು ನೋಡಿದರೆ ಬೆನ್ನಿನ ಮೇಲಿನ ಅಕ್ಷರ ಅಲಂಕಾರ, ಆದರೆ ಸೋಲು ಅಲಂಕಾರವಲ್ಲ. ನರಸಿಂಹವರ್ಮನ ಕಾಲದ ಒಂದು ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಬಹಳ ಸವೆದಿದೆ, ಓದಲು ಸಿಗುವುದು ಕಡಿಮೆ. ಓದದಿದ್ದರೂ ಅದು ಇರುವ ಜಾಗವೇ ಸಾಕ್ಷಿ ಹೇಳುತ್ತದೆ: ಶತ್ರುವಿನ ರಾಜಧಾನಿಯ ಬಂಡೆಯನ್ನು ಅಲ್ಲಿಗೆ ಹೋಗದೆ ಕೆತ್ತಿಸಲಾಗುವುದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಮನೆಯದೇ. ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯನ ತಾಮ್ರಪಟಗಳು, ಮೂವರು ರಾಜರಿಂದ ತಪ್ಪಿಹೋಗಿದ್ದ ತಂದೆಯ ರಾಜ್ಯಲಕ್ಷ್ಮಿಯನ್ನು ಅವನು ಮರಳಿ ಪಡೆದ, ನಿಂತುಹೋಗಿದ್ದ ದೇವರ, ಬ್ರಾಹ್ಮಣರ ದತ್ತಿಗಳನ್ನು ಮತ್ತೆ ನಡೆಸಿದ ಎನ್ನುತ್ತವೆ. ಅದೂ ಹೊಗಳಿಕೆಯ ಬರಹವೇ. ಆದರೆ ಮರಳಿ ಪಡೆದೆ ಎನ್ನಬೇಕಾದರೆ ಕಳೆದುಕೊಂಡಿದ್ದನ್ನು ಒಪ್ಪಿಕೊಳ್ಳಬೇಕು. ಹರ್ಷನ ಸೋಲಿಗೆ ಹರ್ಷನ ಅತಿಥಿ ಸಾಕ್ಷಿಯಾದ ಹಾಗೆ ಪುಲಿಕೇಶಿಯ ಸೋಲಿಗೆ ಪುಲಿಕೇಶಿಯ ಮಗನೇ ಸಾಕ್ಷಿ.

ಆದ್ದರಿಂದ ಶಾಲೆಯ ಪೋಷಕರ ಸಭೆಯಲ್ಲಿ ನಾನು ಕೇಳಿದ್ದು ಇಷ್ಟೇ: ಅಂಕದ ಚೌಕ ತೆಗೆಯಿರಿ, ಆ ಜಾಗದಲ್ಲಿ ಮೂರು ಸಾಲು ಬಿಡಿ. ಈ ಆಕರದ ಯಾವ ಮಾತನ್ನು ಎದುರು ಪಕ್ಷವೂ ಒಪ್ಪುತ್ತದೆ, ಯಾವುದಕ್ಕೆ ಬೇರೆ ಸಾಕ್ಷಿಯೇ ಇಲ್ಲ, ಬರೆದವರಿಗೆ ಗೊತ್ತಿಲ್ಲದೆ ಏನು ಹೊರಬಿದ್ದಿದೆ. ಟೀಚರ್ ಬೇಸರವಿಲ್ಲದೆ ಕೇಳಿಸಿಕೊಂಡರು. ಮೂರು ಸಾಲಿನ ಉತ್ತರವನ್ನು ನಲವತ್ತು ಮಕ್ಕಳಿಗೆ ತಿದ್ದುವುದು ಕಷ್ಟ, ಅಂಕವಾದರೆ ಬೇಗ ಮುಗಿಯುತ್ತದೆ ಅಂದರು. ಅದು ನಿಜವಾದ ತೊಂದರೆ, ನನ್ನ ಹತ್ತಿರ ಉತ್ತರವಿರಲಿಲ್ಲ.

ಮಗಳು ಮಾತ್ರ ಮೂರನ್ನು ಅಳಿಸಿ ಹಾಳೆಯ ಹಿಂದೆ ಬರೆದಳು. ಎರಡನೆಯ ಸಾಲಿಗೆ ಅವಳು ಹುಡುಕಿಕೊಂಡದ್ದು ಮಂಗಳೇಶನನ್ನು. ಚಿಕ್ಕಪ್ಪ ಮಂಗಳೇಶ ಸಿಂಹಾಸನವನ್ನು ತನ್ನ ಮಗನಿಗೆ ಕೊಡಲು ಹೊರಟ, ಅದಕ್ಕೇ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಎನ್ನುತ್ತದೆ ಐಹೊಳೆ. ಗೆದ್ದ ಅಣ್ಣನ ಮಗನ ಕಡೆಯಿಂದ ಬಂದ ಕತೆ ಅದು. ಮಂಗಳೇಶನ ಕಡೆಯ ಮಾತು ಎಲ್ಲಿದೆ ಎಂದು ಕೇಳಿದಳು. ಇಲ್ಲ ಅಂದೆ. ಹಾಗಾದರೆ ಇಲ್ಲಿ ಏನು ಬರೆಯಲಿ ಅಂದಳು. ಖಾಲಿ ಬಿಡು ಅಂದೆ.