ಡೇಂಜರ್ ಬೋರ್ಡಿನಲ್ಲಿ ಕನ್ನಡಕ್ಕೆ ಎಷ್ಟು ಮಿಲಿಮೀಟರ್?

ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ, ಪಂಪ್‌ಹೌಸಿನ ಬಾಗಿಲ ಮೇಲೆ ಬಿಳಿ ತಗಡಿನಲ್ಲಿ ಕೆಂಪು ತಲೆಬುರುಡೆ ಇರುವ ಫಲಕವನ್ನು ಎಲ್ಲರೂ ನೋಡಿದ್ದೇವೆ. ಅದರ ಮೇಲೆ ಏನಿರಬೇಕು ಎಂಬುದು ತೀರ್ಮಾನವಾಗುವುದು ದೆಹಲಿಯಲ್ಲಿ. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 35ನೇ ನಿಯಮ ಇದನ್ನು ಕಡ್ಡಾಯ ಮಾಡಿತ್ತು. ಆರ್.ಕೆ. ಪುರದ ಸೇವಾ ಭವನದಲ್ಲಿರುವ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳಲ್ಲಿ ಅದೇ ಮಾತು 18ನೇ ನಿಯಮವಾಗಿ ಬಂತು. 250 ವೋಲ್ಟ್ ಮೀರಿದ ಪ್ರತಿ ಸ್ಥಾವರದ ಮೇಲೂ ಹಿಂದಿ ಅಥವಾ ಇಂಗ್ಲಿಷ್, ಅದರ ಜೊತೆಗೆ ಆ ಜಿಲ್ಲೆಯ ಭಾಷೆ, ತಲೆಬುರುಡೆ ಮತ್ತು ಮೂಳೆಗಳ ಚಿಹ್ನೆ ಇರಬೇಕು. ಅಂದರೆ ಕರ್ನಾಟಕಕ್ಕೆ ಹೋಗುವ ಫಲಕದಲ್ಲಿ ಕನ್ನಡ ಇರಲೇಬೇಕು. ಅದು ಯಾರ ಕೃಪೆಯೂ ಅಲ್ಲ.

ಫಲಕದ ಅಳತೆಯನ್ನು ಹೇಳುವುದು ಭಾರತೀಯ ಮಾನಕ ಬ್ಯೂರೋದ ಐಎಸ್ 2551, 1982ರ ಆವೃತ್ತಿ. ಅದರಲ್ಲಿ ಎರಡು ಗಾತ್ರಗಳಿವೆ: 200×150 ಮಿಲಿಮೀಟರ್ ಮತ್ತು 250×200 ಮಿಲಿಮೀಟರ್. ಬಿಳಿ ಎನಾಮೆಲ್ ಹಾಕಿದ ಉಕ್ಕಿನ ತಗಡು, ಅದರ ಮೇಲೆ ಕೆಂಪು ಅಕ್ಷರ. ಹಿಂದಿ ಮತ್ತು ಇಂಗ್ಲಿಷ್ ಬರಹ ಹೇಗಿರಬೇಕೆಂಬುದಕ್ಕೆ ಮಾದರಿ ಚಿತ್ರಗಳಿವೆ. ಸ್ಥಳೀಯ ಭಾಷೆಗೆ ಮಾದರಿ ಇಲ್ಲ, ಖಾಲಿ ಜಾಗ ಇದೆ. ಅಪಾಯ, 415, ವೋಲ್ಟ್ ಎಂಬ ಮೂರನ್ನೂ ಸ್ಥಳೀಯ ಭಾಷೆಯಲ್ಲಿ ಬರೆಯುವಷ್ಟು ಜಾಗ ಬಿಟ್ಟಿದ್ದೇವೆ ಎಂಬ ವಿವರಣೆಯೂ ಇದೆ. ತೊಂದರೆ ಶುರುವಾಗುವುದು ಆ ಖಾಲಿ ಜಾಗದಲ್ಲೇ. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯ ಕೆಳಗೆ ಇಳಿಯುವುದಿಲ್ಲ, ಮೇಲೆಯೂ ಏನನ್ನೂ ಹೊರುವುದಿಲ್ಲ. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತು ಬರುತ್ತದೆ. ಇಂಗ್ಲಿಷ್ ಸಾಲಿಗೆಂದು ಅಳೆದ ಪಟ್ಟಿಯಲ್ಲಿ ಕನ್ನಡದ ಸಾಲನ್ನು ಕೂರಿಸಲು ಹೋದರೆ ಒತ್ತು ಕತ್ತರಿಸಿಹೋಗುತ್ತದೆ, ಇಲ್ಲವೇ ಇಡೀ ಸಾಲು ಕುಗ್ಗುತ್ತದೆ.

ಪ್ಯಾನೆಲ್ ಮತ್ತು ಫಲಕ ಮಾಡುವ ಕಾರ್ಖಾನೆಗಳು ನೋಯ್ಡಾ, ಫರೀದಾಬಾದ್ ಕಡೆ ಸಾಕಷ್ಟಿವೆ. ಅಂಥ ಒಂದು ಕಾರ್ಖಾನೆಯ ಡ್ರಾಯಿಂಗ್ ಈಚೆಗೆ ನನ್ನ ಕೈಗೆ ಬಂತು. ಕನ್ನಡ ಬಲ್ಲವರು ಒಮ್ಮೆ ನೋಡಲಿ ಎಂದು ಡ್ರಾಫ್ಟ್ಸ್‌ಮನ್ ಕಳಿಸಿದ್ದರು. ಆ ಕಾಳಜಿಗೇ ಅವರನ್ನು ಮೆಚ್ಚಬೇಕು. 415 ವೋಲ್ಟಿನ ಸಣ್ಣ ಫಲಕ ಅದು. ಅಂಚಿಗೂ ಬೋಲ್ಟಿನ ತೂತುಗಳಿಗೂ ಮೇಲೆ ಕೆಳಗೆ 12 ಮಿಲಿಮೀಟರ್ ಬಿಟ್ಟರೆ ಎತ್ತರದಲ್ಲಿ ಉಳಿಯುವುದು 126. ಅದರೊಳಗೆ ಅವರು ‘415 ವೋಲ್ಟ್ಸ್’ ಎಂಬುದನ್ನು ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಇನ್ನೊಂದು ಸಾಲು ಬರೆದಿದ್ದರು. ಜಾಗ ಹೊಂದಿಸಲು ತಲೆಬುರುಡೆಯನ್ನು ನಾಣ್ಯದಷ್ಟು ಚಿಕ್ಕದು ಮಾಡಿದ್ದರು. ಓದು ಬಾರದವರನ್ನು ತಡೆಯಬೇಕಾದ ಚಿಹ್ನೆ ಅದೊಂದೇ!

ಅಂಕಿಯನ್ನು ಎರಡು ಸಲ ಬರೆಯಬೇಕಿಲ್ಲ. 415 ಎಂಬ ಬರಹ ಎರಡೂ ಭಾಷೆಯವರದ್ದು. ಕನ್ನಡ ಅಂಕಿಗಳ ಮೇಲೆ ನನಗೆ ಅಕ್ಕರೆಯಿದೆ, ಆದರೆ ಈ ಫಲಕಕ್ಕೆ ಅವನ್ನು ನಾನು ಕೇಳುವುದಿಲ್ಲ. 11 ಸಾವಿರ ವೋಲ್ಟಿನ ಫಲಕವನ್ನೇ ತೆಗೆದುಕೊಳ್ಳಿ: ೧೧೦೦೦. ಐದೂ ದುಂಡಗಿನ ಆಕೃತಿಗಳು. ಬಣ್ಣ ಸ್ವಲ್ಪ ಹರಡಿ ೧ರ ಬಾಯಿ ಮುಚ್ಚಿದರೆ ಅದು ಸೊನ್ನೆಯಾಗುತ್ತದೆ. 11000 ಎಂದರೆ ಎರಡು ಗೆರೆ, ಮೂರು ವೃತ್ತ. ದೂರದಿಂದಲೂ ತಪ್ಪುವುದಿಲ್ಲ.

ಉಳಿದದ್ದು ಮಾನದ ಹೆಸರು. ‘ಅಪಾಯ’ ಪದದಲ್ಲಿ ಒಂದೂ ಒತ್ತಿಲ್ಲ, ಆದ್ದರಿಂದ ಅದನ್ನು ಪಟ್ಟಿಯ ತುಂಬ ದೊಡ್ಡದಾಗಿ ಬರೆಯಬಹುದು. ‘ವೋಲ್ಟ್’ ಹಾಗಲ್ಲ. ಲಕಾರದ ಕೆಳಗೆ ಟಕಾರದ ಒತ್ತು, ಮೇಲೆ ಅರ್ಧಾಕ್ಷರದ ಕೊಂಬು. ‘ವೋಲ್ಟ್ಸ್’ ಎಂದು ಬರೆದರೆ ಸಕಾರದ ಒತ್ತೂ ಸೇರಿ ಇನ್ನಷ್ಟು ಇಕ್ಕಟ್ಟು. ಇಂಗ್ಲಿಷಿನ ಬಹುವಚನವನ್ನು ನಾವು ಹೊರುವುದು ಬೇಡ, ‘ವೋಲ್ಟ್’ ಸಾಕು. ಅದಕ್ಕೆ ಬೇರೆ ಸಾಲೂ ಬೇಡ. 415ನ್ನು 26 ಮಿಲಿಮೀಟರ್ ಎತ್ತರಕ್ಕೆ ಬರೆದು, ಅದರ ಬಲಕ್ಕೆ ಅಷ್ಟೇ ಎತ್ತರದಲ್ಲಿ ಮಾನವನ್ನು ಎರಡು ಅಂತಸ್ತಾಗಿ ಕೂರಿಸಬಹುದು. ಮೇಲಿನ ಅಂತಸ್ತಿನಲ್ಲಿ ‘ವೋಲ್ಟ್’: ಅಕ್ಷರದ ಮೈ 8, ಮೇಲಿನ ಕೊಂಬಿಗೆ 3, ಒತ್ತಿಗೆ 4, ಒಟ್ಟು 15. ನಡುವೆ 3 ಖಾಲಿ. ಕೆಳಗೆ ಇಂಗ್ಲಿಷಿನ ವೋಲ್ಟ್ 8.

ಈಗ ಎತ್ತರದ ಲೆಕ್ಕ ಹೀಗಾಗುತ್ತದೆ: ಮೇಲೆ ‘ಅಪಾಯ’ 20, ಅಂತರ 8, ಅಂಕಿಯ ಸಾಲು 26, ಅಂತರ 8, ತಲೆಬುರುಡೆ 40, ಅಂತರ 6, ಇಂಗ್ಲಿಷಿನ ಡೇಂಜರ್ 16. ಒಟ್ಟು 124. ಇರುವ 126ರಲ್ಲಿ ಎರಡು ಮಿಲಿಮೀಟರ್ ಮಿಗುತ್ತದೆ, ಬುರುಡೆಯೂ ಬುರುಡೆಯಂತೆ ಕಾಣುತ್ತದೆ. ಇದು ನಾನು ಹಾಕಿಕೊಟ್ಟ ವಿನ್ಯಾಸ. ಖರೀದಿಸುವ ವಿದ್ಯುತ್ ಕಂಪನಿ ಇದನ್ನು ಒಪ್ಪಬೇಕು. ಅಂಕಿ ಎರಡು ಸಲವೇ ಬೇಕೆಂದು ಅವರು ಹಟ ಹಿಡಿದರೆ ದೊಡ್ಡ ತಗಡಿಗೆ ಹೋಗುವುದು ಸರಿ, ಅಕ್ಷರವನ್ನು ಹಿಂಡುವುದು ಸರಿಯಲ್ಲ.

ಕನ್ನಡ ಚಿಕ್ಕದಾಗಿ ಕಾಣುವುದಕ್ಕೆ ಇನ್ನೊಂದು ಕಾರಣ ಕಂಪ್ಯೂಟರಿನಲ್ಲಿದೆ. ಎರಡೂ ಲಿಪಿಗೆ ಒಂದೇ ಪಾಯಿಂಟ್ ಗಾತ್ರ ಕೊಟ್ಟರೆ ಸಮ ಆಗುತ್ತದೆ ಎಂದು ಡ್ರಾಫ್ಟ್ಸ್‌ಮನ್‌ಗಳು ನಂಬುತ್ತಾರೆ. ಕನ್ನಡ ಫಾಂಟು ಆ ಗಾತ್ರದೊಳಗೇ ಒತ್ತಿಗೂ ಗುಡಿಸಿಗೂ ಜಾಗ ಕಾದಿರಿಸಿಕೊಳ್ಳುವುದರಿಂದ ಅಕ್ಷರದ ಮೈ ಇಂಗ್ಲಿಷಿಗಿಂತ ಕಿರಿದಾಗುತ್ತದೆ. ಆದ್ದರಿಂದ ಪಾಯಿಂಟ್ ಮರೆತು, ‘ಅ’ ಅಕ್ಷರದ ಮೈಯನ್ನು ತೆರೆಯ ಮೇಲೆ ಮಿಲಿಮೀಟರಿನಲ್ಲಿ ಅಳೆದು ಹೊಂದಿಸಬೇಕು. ಅಡ್ಡಗಲವನ್ನು ಹಿಸುಕುವ ಆಸೆಗೂ ಬೀಳಬಾರದು. ಎನಾಮೆಲ್ ಕುಲುಮೆಯಲ್ಲಿ ಕರಗಿ ತಗಡಿಗೆ ಹತ್ತುವಾಗ ಸಣ್ಣ ಸಂದುಗಳು ತುಂಬಿಕೊಳ್ಳುತ್ತವೆ. ಪಕಾರದ ಮೇಲ್ಗಡೆಯ ಸಂದು ಮುಚ್ಚಿದರೆ ಅದು ವಕಾರದಂತೆ ಕಾಣುತ್ತದೆ, ‘ಅಪಾಯ’ ಹೋಗಿ ಅರ್ಥವಿಲ್ಲದ ‘ಅವಾಯ’ ಉಳಿಯುತ್ತದೆ.

ಆ ಡ್ರಾಯಿಂಗಿನಲ್ಲಿ ಒತ್ತು ಬೀಳಬೇಕಾದ ಕಡೆ ಅಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದವು: ‘ವೋಲ್‌ಟ್‌ಸ್‌’. ಕನ್ನಡದ ಒತ್ತಕ್ಷರ ಜೋಡಿಸಲು ಬಾರದ ತಂತ್ರಾಂಶ ಮಾಡುವ ಕೆಲಸ ಇದು. ಕನ್ನಡ ಬಾರದ ಕಣ್ಣಿಗೆ ಈ ತಪ್ಪು ಕಾಣುವುದೇ ಇಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನ ಕಡತವಾದರೆ, ಆ ಫಾಂಟು ಇಲ್ಲದ ಯಂತ್ರದಲ್ಲಿ ಇಡೀ ಪದವೇ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ತೆರೆದುಕೊಳ್ಳುತ್ತದೆ. ಇದಕ್ಕೆ ಪರಿಹಾರ ಸುಲಭ. ಯೂನಿಕೋಡಿನಲ್ಲಿ ಸರಿಯಾಗಿ ಬರೆದು, ಕನ್ನಡ ಓದಬಲ್ಲವರು ಒಪ್ಪಿದ ಮೇಲೆ ಅಕ್ಷರಗಳನ್ನು ಬಾಹ್ಯರೇಖೆಗಳಾಗಿ ಬದಲಾಯಿಸಿ ಕಳಿಸಬೇಕು. ಆಮೇಲೆ ಯಾವ ಯಂತ್ರವೂ ಅದನ್ನು ಒಡೆಯಲಾರದು. ಜೊತೆಗೆ ನಿಜ ಗಾತ್ರದ ಮುದ್ರಣವನ್ನು ಗೋಡೆಗೆ ಅಂಟಿಸಿ, ಜನ ನಿಲ್ಲಬೇಕಾದಷ್ಟು ದೂರ ನಿಂತು ಓದಿ ನೋಡಬೇಕು.

ಎಲ್ಲ ಕಾರ್ಖಾನೆಗೂ ಕನ್ನಡ ಬಲ್ಲ ನೆರೆಯವರು ಸಿಗುವುದಿಲ್ಲ. ಅದಕ್ಕೇ ಬಹದ್ದೂರ್ ಷಾ ಜಫರ್ ಮಾರ್ಗದ ಮಾನಕ ಭವನದವರಿಗೆ ನನ್ನ ಮನವಿ: ಐಎಸ್ 2551ರ ಮುಂದಿನ ಪರಿಷ್ಕರಣೆಯಲ್ಲಿ ಹಿಂದಿ, ಇಂಗ್ಲಿಷಿಗೆ ಕೊಟ್ಟಂತೆ ಕನ್ನಡಕ್ಕೂ ಉಳಿದ ರಾಜ್ಯಭಾಷೆಗಳಿಗೂ ಅಳತೆ ಸಹಿತ ಮಾದರಿ ಚಿತ್ರ ಸೇರಿಸಿ. ಕರಡಿನ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿ ಬ್ಯೂರೋದಲ್ಲಿದೆ. ಸೇವಾ ಭವನವಿರುವ ಆರ್.ಕೆ. ಪುರದಲ್ಲೇ ದೆಹಲಿ ಕರ್ನಾಟಕ ಸಂಘವೂ ಇದೆ. ಕನ್ನಡದ ಮಾದರಿಯನ್ನು ಬರೆದು, ಮಿಲಿಮೀಟರ್ ಹಾಕಿ ಕಳಿಸಿಕೊಡುವ ಕೆಲಸವನ್ನು ಸಂಘದಲ್ಲಿ ಸೇರುವ ನಾವೇ ಎತ್ತಿಕೊಳ್ಳಬಹುದು. ಮೇಲಿನ ಲೆಕ್ಕವನ್ನು ಮೊದಲ ಕರಡಾಗಿ ಕೊಡಲು ನಾನು ಸಿದ್ಧ.